ನಡಾವಳಿಯಲ್ಲಿ ಭಿನ್ನಮತದ ಭಾಷೆ

ಅಧ್ಯಯನ ಮಂಡಳಿಯ ಸಭೆಯೊಂದರಲ್ಲಿ ಹಳಗನ್ನಡ ಪತ್ರಿಕೆಯನ್ನು ಐಚ್ಛಿಕಗೊಳಿಸುವ ಬಗ್ಗೆ ವಾದ ನಡೆಯಿತೆಂದು ಭಾವಿಸೋಣ. ನಡಾವಳಿಯಲ್ಲಿ 'ಒಬ್ಬ ಸದಸ್ಯರು ಪಟ್ಟುಹಿಡಿದು ವಿರೋಧಿಸಿದ್ದರಿಂದ ತೀರ್ಮಾನ ಮುಂದೆ ಹೋಯಿತು' ಎಂದು ದಾಖಲಾಗುತ್ತದೆ. ತೊಡಕಿರುವುದು 'ಪಟ್ಟುಹಿಡಿದು' ಎಂಬಲ್ಲಿ ಮಾತ್ರವಲ್ಲ. 'ವಿರೋಧಿಸಿದ್ದರಿಂದ' ಎಂಬ ಕಾರಣಸೂಚಕ ರೂಪವು ವಿಳಂಬದ ಹೊಣೆಯನ್ನು ಸದ್ದಿಲ್ಲದೆ ಒಬ್ಬರ ಮೇಲೆ ಹೊರಿಸಿಬಿಡುತ್ತದೆ. ಅವರು ವಿರೋಧಿಸಿದ್ದೇಕೆಂಬುದು ಮಾತ್ರ ದಾಖಲಾಗುವುದೇ ಇಲ್ಲ.

ಇದಕ್ಕೆ ಮದ್ದೆಂಬಂತೆ ನಮ್ಮ ಕಚೇರಿಗನ್ನಡವು 'ಅಭಿಪ್ರಾಯ ವ್ಯಕ್ತವಾಯಿತು' ಎಂಬ, ಆಡಿದವರೇ ಇಲ್ಲದ ವಾಕ್ಯವನ್ನು ರೂಢಿಸಿಕೊಂಡಿದೆ. ಅದು ನಿರುಪದ್ರವಿ, ನಿಜ. ಆದರೆ ಆ ಅಭಿಪ್ರಾಯ ಒಬ್ಬರದೋ ಐವರದೋ ತಿಳಿಯದು. 'ಚರ್ಚಿಸಿ ತೀರ್ಮಾನಿಸಲಾಯಿತು' ಎಂಬುದಂತೂ ಭಿನ್ನಮತವನ್ನೇ ನುಂಗಿಹಾಕುತ್ತದೆ.

ಅದೇ ಸಂಗತಿಯನ್ನು ಹೀಗೆ ಬರೆಯಬಹುದು: 'ಪತ್ರಿಕೆಯನ್ನು ಐಚ್ಛಿಕಗೊಳಿಸುವ ಸಲಹೆ ಚರ್ಚೆಗೆ ಬಂದಿತು. ವಿದ್ಯಾರ್ಥಿಗಳ ಆಯ್ಕೆ ವಿಸ್ತಾರಗೊಳ್ಳುವುದೆಂದು ನಾಲ್ವರು ಬೆಂಬಲಿಸಿದರು. ಶಾಸನ, ಹಸ್ತಪ್ರತಿಗಳ ಅಧ್ಯಯನಕ್ಕೆ ತಳಹದಿ ತಪ್ಪುವುದೆಂದು ಒಬ್ಬರು ಒಪ್ಪಲಿಲ್ಲ. ವಿಷಯವನ್ನು ಮುಂದಿನ ಸಭೆಗೆ ಇರಿಸಲಾಯಿತು.' ಇಲ್ಲಿ 'ಎಂದು' ಎಂಬ ಅವ್ಯಯವು ಎರಡೂ ಕಾರಣಗಳನ್ನು ಆಡಿದವರ ಮಾತಾಗಿಯೇ ಉಳಿಸುತ್ತದೆ. ಕೊನೆಯ ವಾಕ್ಯದಲ್ಲಿ ಕರ್ತೃ ಇಲ್ಲದಿರುವುದು ಸರಿಯೇ, ಏಕೆಂದರೆ ಮುಂದೂಡಿದ್ದು ಇಡೀ ಸಭೆ. ಇನ್ನು ಹೆಸರಿನ ಮಾತು: ಭಿನ್ನಮತ ಹೊಂದಿದವರೇ ಕೋರಿದರೆ ನಮೂದಿಸಬೇಕು, ಅದೂ ಅವರದೇ ಮಾತುಗಳಲ್ಲಿ.