ಹೊತ್ತು ಬಿಟ್ಟುಕೊಟ್ಟ ಗುಟ್ಟು
ಗಣಿತದಲ್ಲಿ ಒಂದು ತಪ್ಪೂ ಇಲ್ಲದ ಬೀಗವನ್ನು ಬರೀ ಗಡಿಯಾರ ಹಿಡಿದು ತೆರೆಯಬಹುದು ಎನ್ನುವುದಕ್ಕೆ 2007ರಲ್ಲಿ ಎಕ್ಸ್‌ಬಾಕ್ಸ್ 360 ಗೇಮ್ ಯಂತ್ರವೇ ಸಾಕ್ಷಿಯಾಯಿತು. ಆನ್ ಆಗುವಾಗ ಆ ಯಂತ್ರ ತನ್ನ ತಂತ್ರಾಂಶದ ಮೇಲಿರುವ 16 ಬೈಟ್‌ಗಳ ಗುಪ್ತ ಮುದ್ರೆಯನ್ನು ತಾನೇ ಲೆಕ್ಕ ಹಾಕಿದ ಮುದ್ರೆಯೊಂದಿಗೆ ತಾಳೆ ನೋಡುತ್ತದೆ. ಹೋಲಿಸುವ ಕೆಲಸ ಆಗ `memcmp` ಎಂಬ ಸಾಮಾನ್ಯ ಫಂಕ್ಷನ್ನಿನದಾಗಿತ್ತು. ಅದು ಮೊದಲ ಬೈಟಿನಿಂದ ನೋಡುತ್ತಾ ಹೋಗಿ, ತಾಳೆಯಾಗದ ಕಡೆ ಥಟ್ಟನೆ ನಿಲ್ಲುತ್ತದೆ. ಉತ್ತರವೇನೋ ಸರಿಯೇ, ಆದರೆ ಮೊದಲ ಬೈಟ್ ಸರಿಯಿದ್ದರೆ ‘ಇಲ್ಲ’ ಎನ್ನುವುದು ತುಸು ತಡವಾಗುತ್ತದೆ. ದಾಳಿಕೋರನಿಗೆ ಅಷ್ಟು ಸಾಕು. ಮೊದಲ ಬೈಟಿಗೆ 256 ಬೆಲೆಗಳನ್ನೂ ಹಾಕಿ ನೋಡಿ, ತಡವಾದದ್ದನ್ನು ಉಳಿಸಿಕೊಂಡು, ಎರಡನೆಯದಕ್ಕೆ ಹೋಗುತ್ತಾನೆ. ಒಟ್ಟಿಗೇ ಊಹಿಸಬೇಕಿದ್ದರೆ 2ರ 128ನೇ ಘಾತದಷ್ಟು ಸಾಧ್ಯತೆಗಳು. ಹೀಗೆ ಬಿಡಿಬಿಡಿಯಾಗಿ ಹಿಡಿದರೆ ಹೆಚ್ಚೆಂದರೆ 4096 ಊಹೆ. ಈ ದಾರಿಯಿಂದಲೇ ಹಳೆಯ, ದೋಷವಿದ್ದ ತಂತ್ರಾಂಶವನ್ನು ಯಂತ್ರ ಒಪ್ಪುವಂತೆ ಮಾಡಿದರು. ಇದನ್ನು ತಡೆಯಲು ಉತ್ತರ ಕೊಡುವ ಮುನ್ನ ಮನಬಂದಷ್ಟು ಕಾಯಿಸಿದರಾಯಿತು ಎಂದು ಹಲವರು ಹೇಳುತ್ತಾರೆ. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಅದೇ ಊಹೆಯನ್ನು ಮತ್ತೆ ಮತ್ತೆ ಕಳಿಸಿ ಸರಾಸರಿ ತೆಗೆದರೆ ಆ ಗದ್ದಲ ಕರಗಿಹೋಗುತ್ತದೆ. ಸರಿಯಾದ ಮದ್ದು ಬೇರೆ: ಎಲ್ಲ 16 ಬೈಟ್‌ಗಳನ್ನೂ ತಪ್ಪದೆ ಹೋಲಿಸಿ, ವ್ಯತ್ಯಾಸಗಳನ್ನು ಒಂದೆಡೆ ಕೂಡಿಟ್ಟು, ಕೊನೆಗೊಮ್ಮೆ ಮಾತ್ರ ತೀರ್ಪು ಕೊಡಬೇಕು. ಪೈಥಾನ್‌ನಲ್ಲಿ ಇದಕ್ಕೆಂದೇ `hmac.compare_digest` ಇದೆ. ಸಿ ಭಾಷೆಯಲ್ಲಿ ನಾವೇ ಬರೆದುಕೊಂಡರೆ, ಕಂಪೈಲರ್ ಹುಟ್ಟಿಸಿದ ಕೋಡನ್ನೂ ತೆರೆದು ನೋಡಬೇಕು. ವೇಗದ ಆಸೆಗೆ ಅದು ನಡುವೆಯೇ ನಿಲ್ಲುವ ದಾರಿಯನ್ನು ಮತ್ತೆ ಸೇರಿಸಿರಬಹುದು.