ಒಂದೇ ಸ್ಕ್ರೀನ್‌ಶಾಟ್ ಹಿಡಿದು ಜಗಳಕ್ಕೆ ಹೋಗಬೇಡಿ

ಅಕ್ಕ ಕಂಪನಿಯೊಂದರ ಆನ್‌ಲೈನ್ ನೇಮಕಾತಿ ಪರೀಕ್ಷೆ ಬರೆಯುತ್ತಿದ್ದಳು. ರಾತ್ರಿ ಎಂಟು ಗಂಟೆ. ಹಳೇಬೀಡಿನ ನಮ್ಮ ಮನೆಯ ಹಿಂದಿನ ಕೋಣೆ. ಕ್ಯಾಮೆರಾ ಆನ್ ಇರಲೇಬೇಕಾದ ಪರೀಕ್ಷೆ ಅದು. ನಲವತ್ತನೇ ನಿಮಿಷಕ್ಕೆ ಸಂಪರ್ಕ ಕಡಿದುಹೋಯಿತು, ಮತ್ತೆ ಒಳಗೆ ಬಿಡಲಿಲ್ಲ. ತಕ್ಷಣ ಸ್ಪೀಡ್ ಟೆಸ್ಟ್ ಮಾಡಿದೆವು. 17 ಎಂಬಿಪಿಎಸ್. ನಾವು ಹಣ ಕಟ್ಟುತ್ತಿರುವುದು 100ಕ್ಕೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಇಂಟರ್‌ನೆಟ್ ಆಪರೇಟರ್ ಬಂದರು. ರೂಟರ್ ಪಕ್ಕ ನಿಂತು ತಮ್ಮ ಫೋನಿನಲ್ಲಿ ಟೆಸ್ಟ್ ಮಾಡಿ, ‘ನೋಡಮ್ಮ, 93 ಬರ್ತಿದೆ. ನಿಮ್ಮ ಲ್ಯಾಪ್‌ಟಾಪೇ ಸರಿಯಿಲ್ಲ’ ಎಂದರು. ಅಕ್ಕ ಹಿಂದಿನ ರಾತ್ರಿಯ ಸ್ಕ್ರೀನ್‌ಶಾಟ್ ತೋರಿಸಿದಳು. ಇಬ್ಬರ ಮಾತೂ ಏರಿತು. ಪಕ್ಕದಲ್ಲಿ ನಿಂತಿದ್ದ ನನಗೆ ಅನ್ನಿಸಿದ್ದು ಇಷ್ಟೆ: ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಇಬ್ಬರೂ ಅಳೆದದ್ದು ಒಂದನ್ನೇ ಅಲ್ಲ.

ಸ್ಪೀಡ್ ಟೆಸ್ಟ್ ‘ನಮ್ಮ ಇಂಟರ್‌ನೆಟ್ಟನ್ನು’ ಅಳೆಯುವುದಿಲ್ಲ. ಈ ಸಾಧನದಿಂದ ಆ ಸರ್ವರ್‌ವರೆಗಿನ ದಾರಿಯನ್ನು, ಆ ಹತ್ತು ಹದಿನೈದು ಸೆಕೆಂಡುಗಳ ಮಟ್ಟಿಗೆ ಅಳೆಯುತ್ತದೆ. ದಾರಿಯಲ್ಲಿ ಅತಿ ಕಿರಿದಾದ ಜಾಗ ಎಲ್ಲಿದೆಯೋ ಅದೇ ಉತ್ತರವಾಗಿ ಬರುತ್ತದೆ. ಹಾಗಾಗಿ ಮೂರು ದಿನ ಕೂತು, ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ ಅಳೆದೆ.

ಮೊದಲು ಸಾಧನ. ಬೆಳಿಗ್ಗೆ, ಅಕ್ಕನ ಅದೇ ಲ್ಯಾಪ್‌ಟಾಪ್. ಲ್ಯಾನ್ ಕೇಬಲ್ ಹಾಕಿ ನೇರ ರೂಟರಿಗೆ ಜೋಡಿಸಿದಾಗ 94. ಕೇಬಲ್ ತೆಗೆದು ರೂಟರ್ ಪಕ್ಕದಲ್ಲೇ ವೈಫೈನಲ್ಲಿ 41. ಹಿಂದಿನ ಕೋಣೆಯಲ್ಲಿ 17. ಅಂದರೆ ಮನೆಯೊಳಗೇ 77 ಕಳೆದುಹೋಗಿತ್ತು! ಕಾರಣ ಸರಳ. ಹಳೆಯ ಲ್ಯಾಪ್‌ಟಾಪಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ಆಂಟೆನಾವೂ ಒಂದೇ. ಅಂಥ ಸಾಧನ ರೂಟರ್ ಜತೆ ಮಾಡಿಕೊಳ್ಳುವ ಸಂಪರ್ಕ ಸಾಮಾನ್ಯವಾಗಿ ಹೆಚ್ಚೆಂದರೆ 72 ಎಂಬಿಪಿಎಸ್. ಅದರಲ್ಲೂ ದೊಡ್ಡ ಪಾಲು ಸರದಿ ಕಾಯುವುದಕ್ಕೆ, ‘ತಲುಪಿತು’ ಎಂಬ ಉತ್ತರಗಳಿಗೆ ಹೋಗುತ್ತದೆ. ಮೇಲೆ ನಮ್ಮದು ದಪ್ಪ ಮಣ್ಣಿನ ಗೋಡೆ. ಆಪರೇಟರ್ ಫೋನ್ 5 ಗಿಗಾಹರ್ಟ್ಸ್‌ನದು, ನಿಂತದ್ದು ರೂಟರ್ ಪಕ್ಕ. 93 ಬರಲೇಬೇಕು.

ಇನ್ನು 94 ಏಕೆ, 100 ಏಕಲ್ಲ? ಅದು ಮೋಸವಲ್ಲ. ಪ್ರತಿ ಪೊಟ್ಟಣದ ಮೇಲೂ ವಿಳಾಸ ಬರೆಯಬೇಕಲ್ಲ, ಆ ಬರಹ ತಿನ್ನುವ ಜಾಗ ಅದು. ಆದರೆ ಅರಸೀಕೆರೆಯ ಗೆಳೆಯ 200ರ ಪ್ಲ್ಯಾನ್ ಹಾಕಿಸಿಯೂ 94 ದಾಟುತ್ತಿಲ್ಲ ಎಂದು ಗೋಳಾಡುತ್ತಿದ್ದ. ಅವನ ರೂಟರಿನ ಲ್ಯಾನ್ ಪೋರ್ಟೇ 100ರದ್ದು. ವಿಂಡೋಸ್‌ನ ಎತರ್‌ನೆಟ್ ಸೆಟ್ಟಿಂಗ್ಸ್‌ನಲ್ಲಿ Link speed ಎಂಬಲ್ಲಿ 100/100 ಎಂದಿದ್ದರೆ, ಎಷ್ಟು ದೊಡ್ಡ ಪ್ಲ್ಯಾನ್ ಹಾಕಿಸಿದರೂ ಆ ಕೇಬಲ್‌ನಲ್ಲಿ ಅಷ್ಟೇ.

ಎರಡನೆಯದು ಸರ್ವರ್. ಟೆಸ್ಟ್ ಆ್ಯಪ್ ತಾನಾಗಿಯೇ ಆರಿಸುವುದು ಬೇಗ ಉತ್ತರಿಸುವ ಹತ್ತಿರದ ಸರ್ವರನ್ನು. ಬಹಳ ಸಲ ಅದು ನಮ್ಮ ಇಂಟರ್‌ನೆಟ್ ಕಂಪನಿಯದ್ದೇ ಇರುತ್ತದೆ. ಆಗ ಡೇಟಾ ಕಂಪನಿಯ ಜಾಲದಿಂದ ಹೊರಗೆ ಕಾಲಿಡುವುದೇ ಇಲ್ಲ. ಮನೆಯ ಅಂಗಳದಲ್ಲಿ ಬೈಕ್ ಓಡಿಸಿ ಬೇಲೂರು ರಸ್ತೆ ಚೆನ್ನಾಗಿದೆ ಎಂದಂತೆ. fast.com ಬಳಸಿದರೆ ನೆಟ್‌ಫ್ಲಿಕ್ಸ್ ಸರ್ವರಿನ ದಾರಿ ಅಳೆಯುತ್ತೀರಿ, speed.cloudflare.com ಬಳಸಿದರೆ ಕ್ಲೌಡ್‌ಫ್ಲೇರ್‌ನ ದಾರಿ. ಉತ್ತರ ಬೇರೆ ಬಂದರೆ ಆಶ್ಚರ್ಯವೇನಿಲ್ಲ.

ದೂರವೂ ಲೆಕ್ಕಕ್ಕೆ ಬರುತ್ತದೆ. ಕಳಿಸುವವನು ಒಂದಿಷ್ಟು ಡೇಟಾ ಕಳಿಸಿ, ‘ತಲುಪಿತು’ ಎಂಬ ಉತ್ತರಕ್ಕೆ ಕಾಯುತ್ತಾನೆ. ಒಂದು ಸಲಕ್ಕೆ 2 ಮೆಗಾಬಿಟ್ ಕಳಿಸುತ್ತಾನೆ ಎನ್ನಿ. ಉತ್ತರ ಬರಲು 20 ಮಿಲಿಸೆಕೆಂಡ್ ಆದರೆ ಸೆಕೆಂಡಿಗೆ 50 ಸಲ ಕಳಿಸಬಹುದು, ಅಂದರೆ 100 ಎಂಬಿಪಿಎಸ್. ಅದೇ 200 ಮಿಲಿಸೆಕೆಂಡ್ ಆದರೆ 5 ಸಲ, ಬರೀ 10 ಎಂಬಿಪಿಎಸ್. ಲೈನ್ ಒಂದೇ, ಸರ್ವರ್ ಮಾತ್ರ ದೂರದ್ದು. ಕೆಲವು ಟೆಸ್ಟ್‌ಗಳು ಏಕಕಾಲಕ್ಕೆ ಹಲವು ಸಂಪರ್ಕ ತೆರೆದು ಈ ಕೊರತೆಯನ್ನು ಮುಚ್ಚಿಹಾಕುತ್ತವೆ, ಕೆಲವು ಒಂದೇ ಸಂಪರ್ಕದಲ್ಲಿ ಅಳೆಯುತ್ತವೆ.

ಮೂರನೆಯದು ಹೊತ್ತು. ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, ರಾತ್ರಿ ಎಂಟೂವರೆ. ಕಂಪನಿಯದೇ ಸರ್ವರಿಗೆ 91. ಹೊರಗಿನ ಸರ್ವರಿಗೆ, ಬೆಳಿಗ್ಗೆ 88 ಕೊಟ್ಟಿದ್ದೇ ಈಗ 23. ನನಗೆ ಬೇಕಿದ್ದ ಸುಳಿವು ಇದೇ. ಎರಡೂ ಇಳಿದಿದ್ದರೆ ನಮ್ಮ ಬೀದಿಯ ಮನೆಗಳು ಹಂಚಿಕೊಳ್ಳುವ ಫೈಬರ್ ಮೇಲೆ ಅನುಮಾನ ಪಡಬೇಕಿತ್ತು. ಹತ್ತಿರದ್ದು ಸರಿಯಿದ್ದು ಹೊರಗಿನದು ಮಾತ್ರ ಇಳಿದಿದೆ. ಅಂದರೆ ಊರೆಲ್ಲ ಸೀರಿಯಲ್, ಕ್ರಿಕೆಟ್ ನೋಡುವ ಹೊತ್ತಿಗೆ ಇಕ್ಕಟ್ಟಾಗುವುದು ಕಂಪನಿ ಹೊರಜಗತ್ತಿಗೆ ಸೇರುವ ದಾರಿ.

ಹಾಗಾದರೆ ಅಕ್ಕನ ಪರೀಕ್ಷೆ ಕೆಡಿಸಿದ್ದು ಅದೇನಾ? ಅಲ್ಲ. ಕ್ಯಾಮೆರಾ ಇರುವ ಪರೀಕ್ಷೆಗೆ 17 ಎಂಬಿಪಿಎಸ್ ಧಾರಾಳವಾಗಿ ಸಾಕು. ಹಿಂದಿನ ಕೋಣೆಯಲ್ಲಿ ಕೂತು ಈ ಎರಡು ಕಮಾಂಡ್ ಕೊಟ್ಟೆ:

```
ping -n 50 192.168.1.1
ping -n 50 1.1.1.1
```

ಮೊದಲನೆಯದು ನಮ್ಮ ರೂಟರ್ ವಿಳಾಸ (ನಿಮ್ಮದು ರೂಟರಿನ ತಳದಲ್ಲಿ ಬರೆದಿರುತ್ತದೆ). ಎರಡನೆಯದು ಹೊರಗಿನದು. ರೂಟರಿಗೆ ಕಳಿಸಿದ 50ರಲ್ಲೇ 6ಕ್ಕೆ Request timed out ಬಂತು. ಮನೆ ದಾಟುವ ಮೊದಲೇ ಪೊಟ್ಟಣಗಳು ಕಳೆಯುತ್ತಿದ್ದವು! ಕೇಬಲ್ ಹಾಕಿದಾಗ ಒಂದೂ ಕಳೆಯಲಿಲ್ಲ. ಸ್ಪೀಡ್ ಟೆಸ್ಟ್‌ನ ದೊಡ್ಡ ಸಂಖ್ಯೆ ಈ ಕಾಯಿಲೆಯನ್ನು ತೋರಿಸುವುದೇ ಇಲ್ಲ. ಅಕ್ಕನಿಗೆ ಅಡ್ಡಿಯಾದದ್ದು ಬಹುಪಾಲು ನಮ್ಮದೇ ಗೋಡೆ.

ಹಾಗಂತ ಆಪರೇಟರ್ ಪೂರ್ತಿ ಗೆದ್ದರು ಅಂತಲೂ ಅಲ್ಲ. 23ಕ್ಕೆ ಅವರು ಉತ್ತರ ಕೊಡಬೇಕು. ಆದರೆ ಆ ಪ್ರಶ್ನೆಯನ್ನು ಸರಿಯಾಗಿ ಕೇಳುವ ಹಕ್ಕು ಸಿಗುವುದು ಸರಿಯಾಗಿ ಅಳೆದವರಿಗೆ. ಲ್ಯಾನ್ ಕೇಬಲ್ ಹಾಕಿ. ಮನೆಯ ಉಳಿದ ಫೋನ್, ಟಿವಿಗಳ ವೈಫೈ ತೆಗೆಯಿರಿ. ಒಂದು ಕಂಪನಿಯ ಸರ್ವರ್, ಒಂದು ಹೊರಗಿನ ಸರ್ವರ್ ಆರಿಸಿಕೊಂಡು ಕೊನೆವರೆಗೂ ಅವನ್ನೇ ಬಳಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರಿಂದ ಹತ್ತರೊಳಗೆ ಒಮ್ಮೆ, ಪ್ರತಿ ಬಾರಿ ಮೂರು ಸಲ ಅಳೆದು ನಡುವಿನ ಸಂಖ್ಯೆ ಬರೆದುಕೊಳ್ಳಿ; ಅತಿ ಹೆಚ್ಚಿನದೂ ಬೇಡ, ಅತಿ ಕಡಿಮೆಯದೂ ಬೇಡ. ಹೀಗೆ ಮೂರು ದಿನ. ವಿಡಿಯೊ ಸಂದರ್ಶನ ಇದ್ದವರು ಅಪ್‌ಲೋಡ್ ಸಂಖ್ಯೆಯನ್ನೂ ಬರೆಯಿರಿ. ಮೊಬೈಲ್ ಡೇಟಾದಲ್ಲಿ ಅಳೆಯುವವರಿಗೆ ಒಂದು ಎಚ್ಚರಿಕೆ: 100ರ ವೇಗದಲ್ಲಿ ಹತ್ತು ಸೆಕೆಂಡಿನ ಒಂದು ಟೆಸ್ಟ್ 125 ಎಂಬಿ ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದರೆ ಬೇಗ ಮುಗಿದುಹೋಗುತ್ತದೆ.

ನಾನು ಆ ಮೂರು ದಿನದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ‘ಅಣ್ಣ, ಲ್ಯಾಪ್‌ಟಾಪ್ ವಿಷಯ ನೀವು ಹೇಳಿದ್ದು ನಿಜ. ಆದ್ರೆ ಕೇಬಲ್ ಹಾಕಿದ್ರೂ ರಾತ್ರಿ ಹೊರಗಡೆಗೆ 23 ಯಾಕೆ?’ ಎಂದೆ. ಈ ಸಲ ಅವರು ದನಿ ಏರಿಸಲಿಲ್ಲ. ಹಾಳೆಯ ಫೋಟೊ ತೆಗೆದುಕೊಂಡು, ‘ಮೇಲಿನವರಿಗೆ ಕಳಿಸ್ತೀನಿ’ ಎಂದರು. ನಾನು ಕಂಪನಿಯ ಗ್ರಾಹಕ ಕೇಂದ್ರಕ್ಕೂ ದೂರು ಕೊಟ್ಟು ಡಾಕೆಟ್ ನಂಬರ್ ಪಡೆದಿದ್ದೇನೆ. ಅಲ್ಲಿ ಸರಿಹೋಗದಿದ್ದರೆ ಅದೇ ನಂಬರ್ ಹಿಡಿದು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ರಾತ್ರಿಯ ವೇಗ ಇನ್ನೂ ಪೂರ್ತಿ ಸುಧಾರಿಸಿಲ್ಲ, 40ರ ಆಸುಪಾಸಿನಲ್ಲಿದೆ.

ಹಿಂದಿನ ಕೋಣೆಗೆ ಹದಿನೈದು ಮೀಟರ್ ಕೇಬಲ್ ಎಳೆದಿದ್ದೇವೆ. ಮುಂದಿನ ವಾರ ಅಕ್ಕನಿಗೆ ಇನ್ನೊಂದು ಪರೀಕ್ಷೆ ಇದೆ.