ಆ ಆಯ್ಕೆ ಯಾರದು?

ಪ್ಲೇಸ್‌ಮೆಂಟ್ ಲಿಸ್ಟ್ ಬಂದಾಗ ನಾವೆಲ್ಲ ಹೇಳೋ ಮಾತು ಒಂದೇ: "ಅವನು ಕಷ್ಟಪಟ್ಟ, ತಗೊಂಡ." ರೊನಾಲ್ಡ್ ಡ್ವರ್ಕಿನ್ 1981ರಲ್ಲಿ ಅದೃಷ್ಟವನ್ನು ಎರಡು ಮಾಡಿದರು. ಹುಟ್ಟಿನಂತೆ ನಮ್ಮ ಕೈಯಲ್ಲಿಲ್ಲದ್ದು ಒಂದು, ಗೊತ್ತಿದ್ದೇ ರಿಸ್ಕ್ ತಗೊಂಡದ್ದು ಇನ್ನೊಂದು. ಮೊದಲನೆಯದರಿಂದ ಬಂದ ಆದಾಯದ ಅಂತರವನ್ನು ಸಮಾಜ ತುಂಬಿಕೊಡಬೇಕು. ಎರಡನೆಯದು ಅವರವರ ಲೆಕ್ಕ.

ನಮ್ಮ ಹಾಸ್ಟೆಲ್‌ನ ಇಬ್ಬರನ್ನು ನೋಡಿ. ಸಿಜಿಪಿಎ ಹೆಚ್ಚುಕಮ್ಮಿ ಒಂದೇ. ಒಬ್ಬ ಮೊದಲ ಆಫರ್ ಬಿಟ್ಟು, ಆರು ತಿಂಗಳು ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡಿ, ಎರಡರಷ್ಟು ಪ್ಯಾಕೇಜ್ ಹಿಡಿದ. ಇನ್ನೊಬ್ಬ ಎಜುಕೇಶನ್ ಲೋನ್ ಕಂತು ನೆನೆದು ಮೊದಲ ಆಫರ್‌ಗೇ ಸೈನ್ ಮಾಡಿದ. ಕಾಗದದ ಮೇಲೆ ಎರಡೂ ಆಯ್ಕೆಯೇ. ಆದರೆ ಮೊದಲನೆಯವನು ಸೋತಿದ್ದರೆ ಅಪ್ಪ ಬಾಡಿಗೆ ಕಟ್ಟುತ್ತಿದ್ದರು. ಎರಡನೆಯವನು ಸೋತರೆ ಅಪ್ಪನೇ ಸಾಲಗಾರ. ಹುಟ್ಟಿನ ಅದೃಷ್ಟ ಆಯ್ಕೆಯ ಒಳಗೇ ಕೂತಿದೆ.

ಹಾಗಂತ ಕೆಲವರು ವಾದವನ್ನೇ ತಿರುಗಿಸ್ತಾರೆ: ಆಯ್ಕೆಯ ಫಲ ಬರೀ ಲಾಟರಿ, ಅಪ್ಪನ ಆಸ್ತಿ ಮಾತ್ರ ನ್ಯಾಯವಾದ ಹಕ್ಕು. ಇದನ್ನೂ ನಾವು ಒಪ್ಪಲ್ಲ. ಕೊಡುವ ಹಕ್ಕು ಅಪ್ಪನಿಗಿರಬಹುದು, ಅದಕ್ಕೆ ಮಗ ಅರ್ಹನಾಗಿದ್ದ ಅಂತ ಅರ್ಥವಲ್ಲ. ರಾತ್ರಿಯೆಲ್ಲ ಕೂತು ಕೋಡ್ ಬರೆದವನ ಪಾಲೂ ಸೊನ್ನೆಯಲ್ಲ. ಇಬ್ಬರ ಪ್ಯಾಕೇಜ್ ಅಂತರದಲ್ಲಿ ಅದು ಎಷ್ಟು, ಅಪ್ಪ ಕಟ್ಟಬಹುದಾಗಿದ್ದ ಬಾಡಿಗೆ ಎಷ್ಟು? ಮುಂದಿನ ಲಿಸ್ಟ್ ಬಂದಾಗ ನಾವು ಕೇಳೋದು ಇದನ್ನೇ.